ಸಹಧರ್ಮಿಣಿಗೆ ಒಂದು ಕಾಗದ



ನಮ್ಮ ಮನೆಗಳಲ್ಲಿ ಗಂಡಹೆಂಡಿರು ಒಬ್ಬರಿಗೊಬ್ಬರು ವಂದನೆಯನ್ನು ಹೇಳುವ ಪದ್ಧತಿಯಿಲ್ಲ. ನೆರೆಮನೆಯವರು ಒಂದು ದಿನ ಬೀಗದ ಕೈ ಇಟ್ಟುಕೊಂಡಿದ್ದರೆ "ಬಹಳ ಉಪಕಾರವಾಯಿತು" ಎನ್ನುತ್ತೇವೆ. ಸಭೆಯಲ್ಲಿ ಭಾಷಣ ಮಾಡಿದವರಿಗೆ ಧನ್ಯವಾದವನ್ನು ಅರ್ಪಿಸುತ್ತೇವೆ. ಹೂವಿನ ಹಾರವನ್ನೂ ಹಾಕುತ್ತೇವೆ. ಇಪ್ಪತ್ತು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಗೆ "ನಿನಗೆ ಧನ್ಯವಾದ" ಎಂದರೆ ಆಕೆ ಮೊದಲು ನಮ್ಮ ಹಣೆಯನ್ನು ಮುಟ್ಟಿ ಜ್ವರವಿದೆಯೇ ಎಂದು ನೋಡಿಯಾಳು. ಈ ಮೌನದಲ್ಲಿ ತಪ್ಪೇನೂ ಇಲ್ಲವೆಂದೇ ನನ್ನ ಅಭಿಪ್ರಾಯ. ದಿನದಿನದ ಕೊಡುಕೊಳ್ಳುವಿಕೆಗೆ ದಿನದಿನವೂ ರಸೀತಿ ಬೇಕಾಗಿಲ್ಲ. ಆದರೆ ಸಂಸಾರದಲ್ಲಿ ಕೆಲವು ಕಾಲಗಳು ಬರುತ್ತವೆ. ಆಗ ಇಬ್ಬರಲ್ಲಿ ಒಬ್ಬರು ಎಂದಿಗಿಂತ ಹೆಚ್ಚಿನ ಭಾರವನ್ನು ಹೊರುತ್ತಾರೆ, ಇನ್ನೊಬ್ಬರಿಗೆ ಅದು ಗೊತ್ತಿರುತ್ತದೆ, ಹೇಳದೆ ಇದ್ದರೆ ಗಂಟಲಿನಲ್ಲಿ ಏನೋ ನಿಂತ ಹಾಗೆ ಆಗುತ್ತದೆ. ಅಂಥ ಕಾಲಗಳಲ್ಲಿ ಒಂದು, ಉದ್ಯೋಗ ಹೋದ ಕಾಲ. ಅದನ್ನು ದಾಟಿದ ಮೇಲೆ ಜೊತೆಗಾರ್ತಿಗೆ, ಅಥವಾ ಜೊತೆಗಾರನಿಗೆ, ಉಪಕಾರಸ್ಮರಣೆಯನ್ನು ಮಾಡುವುದು ಹೇಗೆ, ಅದರಲ್ಲಿ ಮರುಕದ ಧ್ವನಿ ಬಾರದ ಹಾಗೆ ನೋಡಿಕೊಳ್ಳುವುದು ಹೇಗೆ ಎಂಬ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನನ್ನ ಸ್ನೇಹಿತರೊಬ್ಬರು ಒಂದು ಖಾಸಗಿ ಕಂಪೆನಿಯಲ್ಲಿ ಲೆಕ್ಕಪತ್ರಗಳ ವಿಭಾಗದಲ್ಲಿದ್ದರು. 2020ನೆಯ ಇಸವಿ ಜೂನ್ ತಿಂಗಳಲ್ಲಿ ಅವರ ಕೆಲಸ ಹೋಯಿತು. ಅವರ ಪತ್ನಿ ಹೈಸ್ಕೂಲಿನಲ್ಲಿ ಗಣಿತದ ಉಪಾಧ್ಯಾಯಿನಿ. ಹನ್ನೊಂದನೆಯ ತಿಂಗಳಿನಲ್ಲಿ, ಎಂದರೆ 2021ರ ಮೇ ತಿಂಗಳಲ್ಲಿ, ಮೊದಲಿಗಿಂತ ಸ್ವಲ್ಪ ಕಡಮೆ ಸಂಬಳದ ಬೇರೊಂದು ಕೆಲಸ ಅವರಿಗೆ ದೊರಕಿತು. ಅದಾದ ಮೇಲೆ ಅವರು ಪತ್ನಿಗೆ ಒಂದು ಕಾಗದ ಬರೆಯಬೇಕೆಂದು ಹೊರಟು, ಬರೆದದ್ದನ್ನು ನನಗೆ ತೋರಿಸಿದರು. ನಾನು ಕಾಲೇಜಿನಲ್ಲಿ ಪಾಠ ಹೇಳುವವನಾದ್ದರಿಂದ ತಿದ್ದಿಕೊಡುವುದು ನನ್ನ ಕುಲಕಸುಬೆಂದು ಅವರು ಭಾವಿಸಿದ್ದಿರಬೇಕು. ಅವರ ಅಪ್ಪಣೆಯನ್ನು ಪಡೆದು ಆ ಕಾಗದದ ಕಥೆಯನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲನೆಯ ಕರಡು ಹೀಗಿತ್ತು: "ನನ್ನಂಥ ದುರದೃಷ್ಟವಂತನನ್ನು ಕಟ್ಟಿಕೊಂಡು ನೀನು ಪಟ್ಟ ಪಾಡು ಆ ದೇವರಿಗೇ ಗೊತ್ತು. ಹನ್ನೊಂದು ತಿಂಗಳು ನನ್ನನ್ನು ಸಾಕಿದೆ. ಎಲ್ಲವನ್ನೂ ತುಟಿ ಎರಡು ಮಾಡದೆ ಸಹಿಸಿಕೊಂಡೆ. ಬೇರೆ ಯಾರಾಗಿದ್ದರೂ ತೌರಿಗೆ ಹೊರಟುಬಿಡುತ್ತಿದ್ದರು. ನೀನು ಸಾಕ್ಷಾತ್ ಚಂದ್ರಮತಿ. ಏಳು ಜನ್ಮವೆತ್ತಿದರೂ ನಿನ್ನ ಋಣ ತೀರದು."

ಇದನ್ನು ಬರೆಯುವಾಗ ಅವರ ಕಣ್ಣಿನಲ್ಲಿ ನೀರಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಈ ಕಾಗದವನ್ನು ಓದಿದ ಆ ಹೆಂಗಸಿಗೆ ಏನೆನ್ನಿಸುತ್ತಿತ್ತು? ಇದರಲ್ಲಿ ಇಬ್ಬರು ದೀನರು ಕಾಣಿಸುತ್ತಾರೆ. ದುರದೃಷ್ಟವಂತನಾದ ಗಂಡ ಒಬ್ಬ. ಪಾಡು ಪಟ್ಟ ಹೆಂಡತಿ ಒಬ್ಬಳು. ಮೊದಲನೆಯವನು ಮರುಕವನ್ನು ಬೇಡುತ್ತಾನೆ. ಎರಡನೆಯವಳ ಮೇಲೆ ಮರುಕವನ್ನು ಸುರಿಯುತ್ತಾನೆ. ಸಾಮಾನ್ಯವಾಗಿ ನಾವು ಇದರಲ್ಲಿ ಒಂದನ್ನು ಕಂಡು ಇನ್ನೊಂದನ್ನು ಕಾಣದೆ ಹೋಗುತ್ತೇವೆ. ತನ್ನ ಗೋಳನ್ನು ಹೇಳಿಕೊಳ್ಳಬಾರದೆಂದು ಎಚ್ಚರದಿಂದಿರುವವನೂ "ಪಾಪ, ನೀನು ಎಷ್ಟು ಕಷ್ಟಪಟ್ಟೆ" ಎಂದು ಬರೆದುಬಿಡುತ್ತಾನೆ. ನಮ್ಮ ಭಾಷೆಯಲ್ಲಿ 'ಪಾಪ' ಎಂಬ ಶಬ್ದವೇ ವಿಚಿತ್ರವಾದದ್ದು. ಸಂಸ್ಕೃತದಲ್ಲಿ ದುಷ್ಕೃತ್ಯವೆಂಬ ಅರ್ಥವುಳ್ಳ ಮಾತು ಕನ್ನಡಿಗನ ಬಾಯಲ್ಲಿ ಕನಿಕರದ ಉದ್ಗಾರವಾಯಿತು. ಅದನ್ನು ನಾವು ಎದುರಿಗಿರುವವರಿಗೆ ಹೇಳುವುದಕ್ಕಿಂತ ಅಲ್ಲಿಲ್ಲದವರ ವಿಷಯವಾಗಿ ಹೇಳುವುದೇ ಹೆಚ್ಚು. ಎದುರಿಗೆ ಹೇಳಿದರೆ ಎದುರಿಗಿದ್ದವರು ಒಂದು ಮೆಟ್ಟಲು ಕೆಳಗಿಳಿಯುತ್ತಾರೆ.

ಕರಡಿನ ಕ್ರಿಯಾಪದಗಳನ್ನು ಗಮನಿಸಿ. 'ಪಾಡು ಪಟ್ಟೆ', 'ಸಹಿಸಿಕೊಂಡೆ' ಎಂಬ ಎರಡರಲ್ಲಿಯೂ ಆಕೆ ಏನನ್ನೂ ಮಾಡಿಲ್ಲ. ಮೇಲೆ ಬಿದ್ದದ್ದನ್ನು ಹೊತ್ತುಕೊಂಡು ನಿಂತಿದ್ದಾಳೆ, ಅಷ್ಟೆ. 'ಸಾಕಿದೆ' ಎಂಬುದು ಇನ್ನೂ ಕೆಟ್ಟದ್ದು. ಸಾಕುವುದು ಮಕ್ಕಳನ್ನು, ದನಕರುಗಳನ್ನು. 'ನನ್ನನ್ನು ನೋಡಿಕೊಂಡೆ' ಎಂದು ತಿದ್ದೋಣವೆಂದರೆ, ನೋಡಿಕೊಳ್ಳುವುದು ರೋಗಿಯನ್ನು. ನಮ್ಮ ಸ್ನೇಹಿತರು ಅದಕ್ಕೆ ಬದಲಾಗಿ 'ಮಾಡಿಕೊಟ್ಟೆ', 'ಬರೆದುಕೊಟ್ಟೆ', 'ನಡೆಸಿಕೊಟ್ಟೆ' ಎಂದು ಸೇರಿಸಿದರು. ಈ 'ಕೊಡು' ಎಂಬ ಅನುಬಂಧ ಕನ್ನಡದ ಒಂದು ಸೊಗಸು. ಇನ್ನೊಬ್ಬರಿಗೋಸ್ಕರ ಮಾಡಿದ್ದೆಂಬ ಭಾವವನ್ನು ಒಂದೇ ಧಾತುವಿನಿಂದ ತೋರಿಸುತ್ತದೆ. ಒಂದೆರಡು ಕಡೆ ಬಂದರೆ ಚೆನ್ನ. ಸಾಲುಸಾಲಿಗೂ ಬಂದರೆ, ಕೊಡುವವಳು ಒಬ್ಬಳು, ಕೈಚಾಚಿ ನಿಂತವನು ಒಬ್ಬ, ಎಂಬ ಚಿತ್ರ ತಾನಾಗಿಯೇ ಮೂಡುತ್ತದೆ. ಮನೆ ಇಬ್ಬರದು, ಅದನ್ನು ಆಕೆ ನಡೆಸಿದಳು. 'ನಡೆಸಿದೆ' ಎಂದರೆ ಸಾಕು.

ಹಾಗೆಂದು ಎಲ್ಲವನ್ನೂ 'ನಾವು' ಎಂಬುದರಲ್ಲಿ ಮುಳುಗಿಸಿಬಿಡುವುದೂ ಸರಿಯಲ್ಲ. ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಕೇಳುವವರನ್ನು ಸೇರಿಸಿಕೊಂಡ 'ನಾವು' ಬೇರೆ, ಬಿಟ್ಟ 'ನಾವು' ಬೇರೆ. ಇಂದಿನ ಕನ್ನಡದಲ್ಲಿ ಆ ಭೇದವಿಲ್ಲ. ನಮ್ಮ 'ನಾವು' ಯಾರನ್ನು ಬೇಕಾದರೂ ಒಳಕ್ಕೆ ಎಳೆದುಕೊಳ್ಳುತ್ತದೆ. "ನಾವು ಕಷ್ಟವನ್ನು ದಾಟಿದೆವು" ಎಂಬ ವಾಕ್ಯದಲ್ಲಿ ಕೆಲಸ ಮಾಡಿದವಳು ಯಾರೆಂಬುದೇ ಮರೆಯಾಗುತ್ತದೆ. ಆಕೆ ಮಾಡಿದ್ದಕ್ಕೆ 'ನೀನು' ಎಂದೇ ಬರೆಯಬೇಕು. ಅದೂ ಮನೆಯಲ್ಲಿ ದಿನವೂ ಕರೆಯುವ 'ನೀನು'. ಗೌರವ ತೋರಿಸಬೇಕೆಂದು ಕಾಗದದಲ್ಲಿ ಮಾತ್ರ 'ತಾವು' ಎಂದು ಏರಿಸಿದರೆ ಅದು ಹಾಸ್ಯವಾಗಿ ತೋರೀತು, ಇಲ್ಲವೆ ಜಗಳದ ಪೀಠಿಕೆಯಾಗಿ ತೋರೀತು.

"ಬೇರೆ ಯಾರಾಗಿದ್ದರೂ ತೌರಿಗೆ ಹೋಗುತ್ತಿದ್ದರು" ಎಂಬ ಮಾತು ಹೊಗಳಿಕೆಯ ವೇಷದಲ್ಲಿರುವ ಅಪಮಾನ. ನೀನೂ ಹೋಗಬಹುದಾಗಿತ್ತು, ಆ ಅನುಮಾನ ನನಗಿತ್ತು ಎಂದು ಅದರ ಅರ್ಥ. ಇನ್ನು ಚಂದ್ರಮತಿಯ ವಿಷಯ. ಹೆಂಡತಿಯನ್ನು ಚಂದ್ರಮತಿ ಎಂದೊಡನೆ ತಾನು ಹರಿಶ್ಚಂದ್ರನಾಗುತ್ತೇನೆಂಬುದನ್ನು ನನ್ನ ಸ್ನೇಹಿತರು ಲಕ್ಷಿಸಿರಲಿಲ್ಲ. ಕಂಪೆನಿಯವರು ಆಳು ಕಡಮೆ ಮಾಡಿದ್ದಕ್ಕೂ ಸತ್ಯವ್ರತಕ್ಕೂ ಏನು ಸಂಬಂಧ? ಇದನ್ನು ಹೇಳಿದಾಗ ಅವರೇ ನಕ್ಕು ಆ ಸಾಲನ್ನು ಹೊಡೆದುಹಾಕಿದರು.

ಪುರಾಣದ ಉದಾಹರಣೆಯೇ ಬೇಕಾದರೆ ನಳದಮಯಂತಿಯರ ಕಥೆಯನ್ನು ನೋಡಬಹುದು. ಮಹಾಭಾರತದ ವನಪರ್ವದಲ್ಲಿ ಬರುವ ಈ ಉಪಾಖ್ಯಾನ, ಪದವಿಯನ್ನು ಕಳೆದುಕೊಂಡವನೊಬ್ಬನ ಮನಸ್ಸಿನ ಕಥೆಯೂ ಹೌದು. ನಳನು ಪುಷ್ಕರನೊಡನೆ ಜೂಜಿನಲ್ಲಿ ರಾಜ್ಯವನ್ನು ಸೋಲುತ್ತಿದ್ದಾಗ ದಮಯಂತಿ ಅಳುತ್ತ ಕುಳಿತಿರಲಿಲ್ಲ. ಸಾರಥಿಯಾದ ವಾರ್ಷ್ಣೇಯನನ್ನು ಕರೆಸಿ, ರಥಕ್ಕೆ ಕುದುರೆಗಳನ್ನು ಹೂಡಿಸಿ, ಮಕ್ಕಳಿಬ್ಬರನ್ನೂ ಕುಂಡಿನಪುರದಲ್ಲಿ ತನ್ನ ತಂದೆಯ ಮನೆಗೆ ಕಳುಹಿಸಿಬಿಟ್ಟಳು. ಎಲ್ಲವೂ ಹೋಗುವುದಕ್ಕೆ ಮುಂಚೆ ಮಾಡಿದ ಏರ್ಪಾಡು ಇದು. ನಾವು ದಮಯಂತಿಯ ಪಾತಿವ್ರತ್ಯವನ್ನು ಕೊಂಡಾಡುತ್ತೇವೆ. ವಾರ್ಷ್ಣೇಯನನ್ನು ಕರೆಸಿದ ಆ ಬುದ್ಧಿಯನ್ನು ಜ್ಞಾಪಿಸಿಕೊಳ್ಳುವವರು ಕಡಮೆ.

ಆಮೇಲೆ ಕಾಡಿನಲ್ಲಿ ನಡೆದದ್ದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ನಳನು ವಿದರ್ಭಕ್ಕೆ ಹೋಗುವ ದಾರಿಯನ್ನು ಆಕೆಗೆ ಮತ್ತೆ ಮತ್ತೆ ತೋರಿಸುತ್ತಾನೆ. ಆಕೆಗೆ ಅನುಮಾನ ಹುಟ್ಟುತ್ತದೆ. ನಾನು ಹೋಗಬೇಕೆಂಬುದು ನಿನ್ನ ಇಷ್ಟವಾದರೆ ಇಬ್ಬರೂ ಕೂಡಿಯೇ ಹೋಗೋಣ ಎನ್ನುತ್ತಾಳೆ. ಅವನು ಒಪ್ಪುವುದಿಲ್ಲ, ಐಶ್ವರ್ಯವಿದ್ದಾಗ ಹೋಗಿದ್ದ ಮಾವನ ಮನೆಗೆ ಈ ಸ್ಥಿತಿಯಲ್ಲಿ ಹೇಗೆ ಹೋಗಲಿ ಎಂಬ ನಾಚಿಕೆ ಅವನಿಗೆ. ಕೊನೆಗೆ ಆಕೆ ನಿದ್ರಿಸುತ್ತಿರುವಾಗ, ತನ್ನ ಜೊತೆಯಲ್ಲಿದ್ದರೆ ಇವಳಿಗೆ ದುಃಖವೇ ಗತಿ, ತಾನು ಹೋದರೆ ಹೇಗಾದರೂ ಬಂಧುಗಳನ್ನು ಸೇರಿಯಾಳು ಎಂದು ಯೋಚಿಸಿ, ಬಟ್ಟೆಯನ್ನು ಅರ್ಧ ಕತ್ತರಿಸಿಕೊಂಡು ಹೊರಟುಹೋಗುತ್ತಾನೆ. ಕಲಿಯ ಪ್ರೇರಣೆ ಎಂದು ಕಥೆ ಹೇಳುತ್ತದೆ, ಇರಲಿ. ಅವನು ಬಾಯಿಬಿಟ್ಟು ಹೇಳಿಕೊಂಡ ಕಾರಣ ಮರುಕ. ಆಕೆಯನ್ನು ಕಷ್ಟಪಡುವವಳೆಂದು ಮಾತ್ರ ಕಂಡದ್ದರಿಂದ, ಆಕೆಗೂ ಒಂದು ತೀರ್ಮಾನವಿದೆಯೆಂಬುದು ಅವನಿಗೆ ಕಾಣದೆ ಹೋಯಿತು. ಕೂಡಿ ಹೋಗೋಣವೆಂದು ಆಕೆ ಸ್ಪಷ್ಟವಾಗಿ ಹೇಳಿದ್ದಳು. ಕನಿಕರ ಕಿವಿಯನ್ನು ಮಂದಮಾಡುತ್ತದೆ.

ಋಣದ ಮಾತಿಗೆ ಬರೋಣ. ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಅಮೆರಿಕದ ಕಾದಂಬರಿಕಾರ ನೆಥೇನಿಯಲ್ ಹಾಥಾರ್ನನ ಹೆಸರು ಗೊತ್ತು. ಅವನು ಸೇಲಂ ಪಟ್ಟಣದ ಸುಂಕದ ಕಟ್ಟೆಯಲ್ಲಿ ವರ್ಷಕ್ಕೆ 1,200 ಡಾಲರುಗಳ ಸಂಬಳದ ಅಧಿಕಾರಿಯಾಗಿದ್ದ. ಅಧ್ಯಕ್ಷರು ಬದಲಾಯಿಸಿ ಬೇರೆ ಪಕ್ಷ ಅಧಿಕಾರಕ್ಕೆ ಬಂದದ್ದರಿಂದ 1849ರ ಜೂನ್ ತಿಂಗಳಲ್ಲಿ ಆ ಕೆಲಸ ಹೋಯಿತು. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಅವನ ಹೆಂಡತಿ ಸೋಫಿಯಾ ಸುದ್ದಿಯನ್ನು ಕೇಳಿ, ಹಾಗಾದರೆ ಇನ್ನು ನಿಮ್ಮ ಪುಸ್ತಕವನ್ನು ಬರೆಯಬಹುದಲ್ಲ ಎಂದಳೆಂದೂ, ಅಲ್ಲಿಯವರೆಗೆ ಊಟಕ್ಕೇನು ಎಂದು ಅವನು ಕೇಳಿದಾಗ ಮೇಜಿನ ಖಾನೆಯನ್ನು ತೆರೆದು, ಮನೆಖರ್ಚಿನ ಹಣದಲ್ಲಿ ತಾನು ಉಳಿಸಿಟ್ಟಿದ್ದ ಗಂಟನ್ನು ತೋರಿಸಿದಳೆಂದೂ ಅವರ ಮನೆತನದಲ್ಲಿ ನಡೆದುಬಂದ ಕಥೆ. ಆಕೆ ಚಿತ್ರ ಬರೆಯಬಲ್ಲವಳು; ದೀಪಗಳ ಮರೆಗಳ ಮೇಲೆ ಚಿತ್ರ ಬರೆದು ಮಾರಿ ಹಣವನ್ನು ತಂದಳು. ಅವನು ಬರೆಯುವುದಕ್ಕೆ ಕುಳಿತ. 1850ರ ಮಾರ್ಚಿಯಲ್ಲಿ 'ದಿ ಸ್ಕಾರ್ಲೆಟ್ ಲೆಟರ್' ಎಂಬ ಕಾದಂಬರಿ ಹೊರಬಂದಿತು.

ಆ ಮಧ್ಯದಲ್ಲಿ, 1850ರ ಜನವರಿಯಲ್ಲಿ, ಜಾರ್ಜ್ ಹಿಲ್ಲರ್ಡ್ ಎಂಬ ಸ್ನೇಹಿತನು ಹಲವರಿಂದ ಹಣ ಕೂಡಿಸಿ ಹಾಥಾರ್ನನಿಗೆ ಕಳುಹಿಸಿದ. ಹಾಥಾರ್ನ್ ಅದನ್ನು ಸ್ವೀಕರಿಸಿದ, ಆದರೆ ಸ್ನೇಹಿತರ ನೆರವು ಬೇಕಾಯಿತಲ್ಲ ಎಂಬುದು ಅವನಿಗೆ ಕಹಿಯಾಯಿತು. 1853ರಲ್ಲಿ ಲಿವರ್‌ಪೂಲಿನಲ್ಲಿ ರಾಯಭಾರ ಕಚೇರಿಯ ಕೆಲಸ ಸಿಕ್ಕಿದೊಡನೆ ಆ ಹಣವನ್ನು ಬಡ್ಡಿ ಸಮೇತವಾಗಿ ಹಿಂದಿರುಗಿಸಿದ. ಸೋಫಿಯಾಳ ಖಾನೆಯ ಹಣಕ್ಕೆ ಬಡ್ಡಿ ಹಾಕುವ ಯೋಚನೆ ಯಾರಿಗೂ ಬಾರದು. ಸ್ನೇಹಿತರ ಹಣ ಸಾಲ, ತೀರಿಸಬಹುದಾದದ್ದು. ಹೆಂಡತಿಯ ಉಳಿತಾಯ ಸಾಲವಲ್ಲ. ಆದ್ದರಿಂದಲೇ ಅದನ್ನು ತೀರಿಸುವ ಮಾತೂ ಇಲ್ಲ, ತೀರಿಸಲಾರೆನೆಂಬ ಪ್ರಲಾಪವೂ ಇಲ್ಲ. "ಏಳು ಜನ್ಮಕ್ಕೂ ಋಣಿ" ಎಂಬ ನಮ್ಮ ಸ್ನೇಹಿತರ ಮಾತು ದೊಡ್ಡದಾಗಿ ಕಂಡರೂ ಹೆಂಡತಿಯನ್ನು ಸಾಹುಕಾರಳನ್ನಾಗಿ ಮಾಡುತ್ತದೆ. ಹಾಥಾರ್ನನು ಆ ಕಾದಂಬರಿಗೆ ಬರೆದ ಪೀಠಿಕೆಯಲ್ಲಿ ತನ್ನ ಕೆಲಸ ಹೋದದ್ದನ್ನು, ತಲೆ ಹೋದ ಅಧಿಕಾರಿ ಎಂದು ತನ್ನನ್ನೇ ಹಾಸ್ಯಮಾಡಿಕೊಂಡು, ವಿಸ್ತಾರವಾಗಿ ವರ್ಣಿಸಿದ್ದಾನೆ. ಮೇಜಿನ ಖಾನೆಯ ಮಾತು ಮಾತ್ರ ಅಲ್ಲಿ ಇಲ್ಲ. ಇದನ್ನು ನಾನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಅದು ಮನೆಯ ಒಳಗಿನ ವಿಷಯವೆಂದು ಅವನು ಭಾವಿಸಿದ್ದಿರಬಹುದು.

ಹಾಗಾದರೆ ಬರೆಯತಕ್ಕದ್ದು ಏನು? ನಮ್ಮ ಭಾಷೆಯಲ್ಲಿಯೇ ಇದಕ್ಕೆ ಉತ್ತರವಿದೆ. ಕೃತಜ್ಞ ಎಂದರೆ ಕೃತವನ್ನು ಬಲ್ಲವನು, ಮಾಡಿದ್ದನ್ನು ತಿಳಿದವನು. ಆ ಶಬ್ದದಲ್ಲಿ ಕಣ್ಣೀರೂ ಇಲ್ಲ, ಸಾಲವೂ ಇಲ್ಲ, ಮಂಡಿಯೂರುವುದೂ ಇಲ್ಲ. ಏನು ಮಾಡಿದೆಯೋ ಅದು ನನಗೆ ಗೊತ್ತು ಎನ್ನುವುದೇ ಕೃತಜ್ಞತೆ. ಅದಕ್ಕೆ ಮೊದಲು ಗೊತ್ತಿರಬೇಕಷ್ಟೆ. ನಾನು ನನ್ನ ಸ್ನೇಹಿತರನ್ನು ಕೂರಿಸಿಕೊಂಡು, ವಿಶೇಷಣಗಳನ್ನೆಲ್ಲ ಪಕ್ಕಕ್ಕಿಟ್ಟು, ಆಕೆ ಮಾಡಿದ್ದೇನೆಂದು ಕೇಳಿದೆ. ಸುಮಾರು ಒಂದು ಗಂಟೆಯ ಹೊತ್ತು ಮಾತನಾಡಿದೆವು. ಅವರು ಹೇಳಿದ್ದರಲ್ಲಿ ಕೆಲವು ಸಂಗತಿಗಳು ಇವು.

ಕೆಲಸ ಹೋದ ಸಾಯಂಕಾಲ ಆಕೆ ಒಂದು ರೂಲು ಹಾಳೆಯನ್ನು ತೆಗೆದುಕೊಂಡು ಲೆಕ್ಕ ಬರೆದರು. ಮನೆಯ ಸಾಲದ ಕಂತು, ಮಗಳ ಶಾಲೆಯ ಶುಲ್ಕ, ಅತ್ತೆಯವರ ಔಷಧಿ, ದಿನಸಿ, ಎಲ್ಲ ಸೇರಿ ಬಿಗಿ ಹಿಡಿದರೆ ತಿಂಗಳಿಗೆ 46,000 ರೂಪಾಯಿ. ಆಕೆಯ ಸಂಬಳ 38,000. ಕೊರತೆ 8,000. ಕಂಪೆನಿಯಿಂದ ಬಂದ ಎರಡು ತಿಂಗಳ ಸಂಬಳ 96,000 ರೂಪಾಯಿ. "ಹನ್ನೆರಡು ತಿಂಗಳು ನಡೆಯುತ್ತದೆ" ಎಂದು ಹೇಳಿ ಹಾಳೆಯನ್ನು ಪಂಚಾಂಗದ ಹಿಂದೆ ಸಿಕ್ಕಿಸಿದರು. ಧೈರ್ಯದ ಮಾತು ಒಂದನ್ನೂ ಆಡಲಿಲ್ಲ. ನನ್ನ ಸ್ನೇಹಿತರು ಸ್ವತಃ ಲೆಕ್ಕದವರು. ಆದರೆ ಆ ಸಂಜೆ ಅವರಿಗೆ ಕೂಡುವುದು ಕಳೆಯುವುದು ಆಗುವಂತಿರಲಿಲ್ಲ.

ಅವರ ಅಡುಗೆಮನೆಯ ಗೂಡಿನಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ಕೈಖರ್ಚಿನ ಹಣ ಅದರಲ್ಲಿ. ಬೇಕಾದವರು ಬೇಕಾದಷ್ಟು ತೆಗೆದುಕೊಳ್ಳುವುದು ಮೊದಲಿನಿಂದ ವಾಡಿಕೆ. ಹಿಂದೆ ಅದನ್ನು ತುಂಬುತ್ತಿದ್ದವರು ಗಂಡ. ಜುಲೈ ತಿಂಗಳಿಂದ ಆಕೆ ತುಂಬಿದರು. ತುಂಬಿದೆನೆಂದು ಹೇಳಲಿಲ್ಲ, ಎಷ್ಟು ಉಳಿದಿದೆಯೆಂದು ಕೇಳಲಿಲ್ಲ. ಹನ್ನೊಂದು ತಿಂಗಳಲ್ಲಿ ಒಂದು ದಿನವೂ ಗಂಡನು ಹೆಂಡತಿಯನ್ನು ಹಣ ಕೇಳುವ ಸಂದರ್ಭ ಬರಲಿಲ್ಲ. ಕೆಲಸವಿಲ್ಲದೆ ಇದ್ದವರಿಗೆ ಇದರ ಬೆಲೆ ಗೊತ್ತು.

ಸಾಯಂಕಾಲದ ಹೊತ್ತು "ಇವತ್ತೇನಾದರೂ ಸುದ್ದಿ ಬಂತೆ?" ಎಂದು ಆಕೆ ಕೇಳುತ್ತಿರಲಿಲ್ಲ. ಅದಕ್ಕೆ ಬದಲಾಗಿ ಭಾನುವಾರ ಬೆಳಗ್ಗೆ ಕಾಫಿಯಾದ ಮೇಲೆ ಅರ್ಧ ಗಂಟೆ ಇಬ್ಬರೂ ಕುಳಿತು, ಆ ವಾರ ಕಳುಹಿಸಿದ ಅರ್ಜಿಗಳು ಯಾವುವು, ಉತ್ತರ ಬಂದದ್ದು ಯಾವುದಕ್ಕೆ ಎಂದು ನೋಡುತ್ತಿದ್ದರು. ಮಿಕ್ಕ ಆರು ದಿನ ಆ ಮಾತೇ ಇಲ್ಲ. ನೆಂಟರು ಫೋನು ಮಾಡಿ ಕೇಳಿದರೆ "ಕೆಲಸ ಹೋಗಿದೆ, ಹುಡುಕುತ್ತಿದ್ದಾರೆ, ಇಲ್ಲೇ ಇದ್ದಾರೆ, ಮಾತನಾಡಿ" ಎಂದು ಫೋನನ್ನು ಗಂಡನ ಕೈಗೇ ಕೊಡುತ್ತಿದ್ದರು. ಮುಚ್ಚಲೂ ಇಲ್ಲ, ಗಂಡನ ಪರವಾಗಿ ವಕಾಲತ್ತು ವಹಿಸಲೂ ಇಲ್ಲ. ಆಮೇಲೆ ನನ್ನ ಸ್ನೇಹಿತರು ಸ್ವಲ್ಪ ಸಂಕೋಚದಿಂದ ಇನ್ನೊಂದು ಸಂಗತಿಯನ್ನು ಹೇಳಿದರು: ಕೆಲಸ ಹೋದ ಮೇಲೂ ಆಕೆ ಮೊದಲಿನಷ್ಟೇ ಜಗಳವಾಡುತ್ತಿದ್ದರಂತೆ. ಒದ್ದೆ ಟವಲನ್ನು ಕುರ್ಚಿಯ ಮೇಲೆ ಹಾಕಿದರೆ ಮೊದಲು ಬೈಯುತ್ತಿದ್ದ ಹಾಗೆಯೇ ಬೈಯುತ್ತಿದ್ದರು. ಇದನ್ನು ಬರೆಯಬಹುದೇ ಎಂದು ಕೇಳಿದರು. ಬರೆಯಲೇಬೇಕೆಂದು ನಾನು ಹೇಳಿದೆ. ಕರುಣೆ ತೋರಿಸುವವರು ಮೊದಲು ನಿಲ್ಲಿಸುವುದು ಜಗಳವನ್ನು. ಅದು ನಿಂತ ಮನೆಯಲ್ಲಿ ಕೆಲಸ ಹೋದವನಿಗೆ ತಾನು ಅತಿಥಿಯಾದೆನೆಂದೋ ರೋಗಿಯಾದೆನೆಂದೋ ಅನ್ನಿಸತೊಡಗುತ್ತದೆ.

ಎರಡನೆಯ ಕರಡು ಆ ರಾತ್ರಿಯೇ ಸಿದ್ಧವಾಯಿತು. ಅದನ್ನು ಪೂರ್ತಿಯಾಗಿ ಓದುತ್ತೇನೆ.

"ಜೂನ್ ತಿಂಗಳಲ್ಲಿ ನನ್ನ ಕೆಲಸ ಹೋದ ದಿನ ಸಾಯಂಕಾಲ ನೀನು ಲೆಕ್ಕ ಬರೆದು ಹನ್ನೆರಡು ತಿಂಗಳು ನಡೆಯುತ್ತದೆ ಎಂದೆ. ಆ ರಾತ್ರಿ ನನಗೆ ನಿದ್ದೆ ಬಂತು. ಆ ಹಾಳೆ ಇನ್ನೂ ಪಂಚಾಂಗದ ಹಿಂದೆಯೇ ಇದೆ, ತೆಗೆಯಬೇಡ. ಪ್ರತಿ ತಿಂಗಳೂ ಒಂದನೆಯ ತಾರೀಖು ನೀನು ಡಬ್ಬಿಯಲ್ಲಿ ಹಣ ಹಾಕುತ್ತಿದ್ದುದು ನನಗೆ ಗೊತ್ತಿತ್ತು. ನೀನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಭಾನುವಾರ ಬಿಟ್ಟು ಬೇರೆ ದಿನ ಕೆಲಸದ ಮಾತನ್ನು ಎತ್ತದೆ ಇದ್ದದ್ದು ನಿನಗೆ ಸುಲಭವಾಗಿರಲಿಲ್ಲವೆಂದು ನನಗೆ ಗೊತ್ತು. ನವೆಂಬರಿನಲ್ಲಿ ಎರಡು ಸಲ ನೀನು ಕೇಳುವುದಕ್ಕೆ ಬಂದು ಸುಮ್ಮನಾದದ್ದನ್ನು ನೋಡಿದೆ. ಅಕ್ಕನ ಮಗಳ ಮದುವೆಯಲ್ಲಿ ಮುಯ್ಯಿಯ ಮೇಲೆ ನನ್ನ ಹೆಸರನ್ನು ಮೊದಲು ಬರೆದೆ. ಯಾವಾಗಲೂ ಹಾಗೆಯೇ ಬರೆಯುತ್ತಿದ್ದೆ, ಈ ಸಲವೂ ಹಾಗೆಯೇ ಬರೆದೆ. ಟವಲಿನ ವಿಷಯದಲ್ಲಿ ಒಂದು ದಿನವೂ ರಿಯಾಯಿತಿ ತೋರಿಸಲಿಲ್ಲ. ಇವುಗಳಿಂದ ನಾನು ಈ ಮನೆಯಲ್ಲಿ ಮೊದಲು ಇದ್ದ ಹಾಗೆಯೇ ಇದ್ದೆ. ಇದನ್ನೆಲ್ಲ ನೀನು ಯೋಚಿಸಿ ಮಾಡಿದೆ ಎಂದು ನನಗೆ ಗೊತ್ತು. ಅದು ನಿನಗೆ ತಿಳಿದಿರಲಿ ಎಂದು ಬರೆದಿದ್ದೇನೆ."

ಇದರಲ್ಲಿ ಧನ್ಯವಾದವೆಂಬ ಮಾತೇ ಇಲ್ಲ. ಸೇರಿಸಬೇಕೇ ಎಂದು ಅವರು ಕೇಳಿದರು, ಬೇಕಾಗಿಲ್ಲವೆಂದೆ. 'ಕಷ್ಟ' ಎಂಬ ಶಬ್ದವೂ ಬಂದಿಲ್ಲ. ಹಾಗೆಂದು ಆಕೆಯ ಶ್ರಮ ಮರೆಯಾಗಿಲ್ಲ. ನವೆಂಬರಿನ ಆ ಒಂದು ವಾಕ್ಯದಲ್ಲಿ ಅದು ಇದೆ. ಮರುಕ ಬಾರದಿರಲೆಂದು ಆಕೆಗೆ ಏನೂ ತ್ರಾಸವಾಗಲಿಲ್ಲವೆಂಬಂತೆ ಬರೆದರೆ ಅದು ಸುಳ್ಳಾಗುತ್ತದೆ. ತ್ರಾಸವನ್ನು ಹೇಳಬೇಕು, ಆದರೆ ತಾನು ಕಣ್ಣಿನಿಂದ ಕಂಡಷ್ಟನ್ನು, ಕಂಡ ಕಡೆಯಲ್ಲಿ ಹೇಳಬೇಕು. ಕೆಲಸ 'ಹೋಯಿತು' ಎಂದು ಬರೆದದ್ದನ್ನೂ ಗಮನಿಸಬಹುದು. 'ಕಳೆದುಕೊಂಡೆ' ಎಂದರೆ ಕೊಡೆಯನ್ನು ಬಸ್ಸಿನಲ್ಲಿ ಮರೆತು ಬಂದ ಹಾಗೆ; 'ಹೊರಗೆ ಹಾಕಿದರು' ಎಂದರೆ ಕಾಗದ ಕಂಪೆನಿಯ ಕಡೆಗೆ ತಿರುಗುತ್ತದೆ. ಈ ಕಾಗದ ಕಂಪೆನಿಗೆ ಬರೆದದ್ದಲ್ಲ.

ಬರೆದದ್ದು ಸರಿಹೋಯಿತೇ ಎಂದು ತಿಳಿಯಲು ನಾನು ಅನುಸರಿಸುವ ಒಂದು ಸಣ್ಣ ಪರೀಕ್ಷೆಯಿದೆ. ಇದೇ ಕಾಗದವನ್ನು ಪಕ್ಕದ ಬೀದಿಯ ಇನ್ನೊಬ್ಬ ಗೃಹಸ್ಥರು ತಮ್ಮ ಮನೆಯವರಿಗೆ ಕೊಡಬಹುದೇ? ಮೊದಲನೆಯ ಕರಡನ್ನು ಕೊಡಬಹುದಾಗಿತ್ತು. ಅದು ಯಾರ ಹೆಂಡತಿಗಾದರೂ ಆಗುತ್ತಿತ್ತು. ಎರಡನೆಯದನ್ನು ಕೊಟ್ಟರೆ ಆಕೆ, ಯಾವ ಡಬ್ಬಿ, ಯಾವ ಟವಲು ಎಂದು ಕೇಳುತ್ತಾಳೆ.

ಹೆಂಡತಿಯ ಕೆಲಸ ಹೋಗಿ ಗಂಡ ಮನೆಯನ್ನು ನಡೆಸಿದರೂ ಈ ಮಾತುಗಳು ಬಹಳಮಟ್ಟಿಗೆ ಒಪ್ಪುತ್ತವೆ. ಅಲ್ಲಿ ಅಪಾಯ ಬೇರೊಂದು ಕಡೆಯಿದೆ. "ನೀವು ಅಡುಗೆಯನ್ನೂ ಮಾಡಿದಿರಿ" ಎಂಬ ವಾಕ್ಯದಲ್ಲಿ ಆ ಊಕಾರವನ್ನು ನೋಡಿ. ಗಂಡಸು ಒಲೆಯ ಹತ್ತಿರ ನಿಂತದ್ದೇ ಪವಾಡವೆಂದು ಅದು ಸಾರುತ್ತದೆ. ನಿತ್ಯದ ಕೆಲಸವನ್ನು ಪವಾಡವೆಂದರೆ, ಅದು ನಾಳೆಯಿಂದ ನಿಲ್ಲತಕ್ಕದ್ದೆಂದು ಒಪ್ಪಿಕೊಂಡ ಹಾಗೆ.

ಕಾಗದವನ್ನು ಕೊಡುವ ಸಮಯವನ್ನು ಕುರಿತು ನಾವು ಸ್ವಲ್ಪ ಚರ್ಚೆ ಮಾಡಿದೆವು. ಕೆಲಸವಿಲ್ಲದ ಕಾಲದಲ್ಲಿಯೇ ಕೊಟ್ಟರೆ, ಇನ್ನೂ ಕೆಲವು ದಿನ ತಾಳಿಕೋ ಎಂಬ ಬೇಡಿಕೆಯಾಗಿ ತೋರಬಹುದು. ಹೊಸ ಕೆಲಸದ ಆಜ್ಞಾಪತ್ರ ಬಂದ ದಿನವೇ ಕೊಟ್ಟರೆ ಸಂತೋಷದ ಗದ್ದಲದಲ್ಲಿ ಸಿಹಿಯ ಜೊತೆಗೆ ಅದೂ ಒಂದು ಸಿಹಿಯಾಗುತ್ತದೆ. ಮೊದಲನೆಯ ಸಂಬಳದ ದಿನ, ಸೀರೆಯೊಡನೆ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು. ಲೆಕ್ಕ ಚುಕ್ತಾ ಆಯಿತೆಂದು ಸೀರೆಯೇ ಹೇಳಿಬಿಡುತ್ತದೆ. ಬಾಯಲ್ಲಿ ಹೇಳಬಹುದಲ್ಲ, ಕಾಗದವೇಕೆ, ಎಂದು ತಾವು ಕೇಳಬಹುದು. ಎದುರಿಗೆ ನಿಂತು ಹೇಳಿದರೆ ಕೇಳಿದವರು ಕೂಡಲೆ ಏನಾದರೂ ಉತ್ತರ ಹೇಳಬೇಕಾಗುತ್ತದೆ. "ಅಯ್ಯೋ, ಅದೇನು ಮಹಾ, ಬಿಡಿ" ಎಂಬ ಮಾತು ತಾನಾಗಿಯೇ ಹೊರಡುತ್ತದೆ. ಅಲ್ಲಿಗೆ ಹೇಳಿದವನ ಮಾತೂ ನೆಲಕ್ಕೆ ಬೀಳುತ್ತದೆ. ಕಾಗದವನ್ನು ಒಬ್ಬರೇ ಕುಳಿತು ಓದಬಹುದು. ಉತ್ತರ ಕೊಡದೆಯೂ ಇರಬಹುದು.

ಹೊಸ ಕೆಲಸಕ್ಕೆ ಸೇರಿ ಎರಡು ತಿಂಗಳಾದ ಮೇಲೆ, ಯಾವ ಹಬ್ಬವೂ ಅಲ್ಲದ ಒಂದು ಬುಧವಾರ, ನನ್ನ ಸ್ನೇಹಿತರು ಆ ಕಾಗದವನ್ನು ಪತ್ನಿಯ ಗಣಿತದ ಪುಸ್ತಕದಲ್ಲಿಟ್ಟು ಆಫೀಸಿಗೆ ಹೋದರು. ಸಂಜೆ ಮನೆಗೆ ಬಂದಾಗ ಆಕೆ ಏನನ್ನೂ ಹೇಳಲಿಲ್ಲ. ಊಟವಾದ ಮೇಲೆ ಕಾಗದವನ್ನು ತಂದು ಮೇಜಿನ ಮೇಲಿಟ್ಟು, "ಡಬ್ಬಿಗೆ ಹಣ ಹಾಕುತ್ತಿದ್ದುದು ಒಂದನೆಯ ತಾರೀಖಲ್ಲ, ಮೂರನೆಯ ತಾರೀಖು. ನಮ್ಮ ಶಾಲೆಯಲ್ಲಿ ಸಂಬಳ ಬರುವುದೇ ಎರಡರ ಮೇಲೆ" ಎಂದರಂತೆ. ನನ್ನ ಸ್ನೇಹಿತರು ಜೇಬಿನಿಂದ ಪೆನ್ನನ್ನು ತೆಗೆದು ತಾರೀಖನ್ನು ತಿದ್ದಿದರು. ಕಾಗದ ಈಗ ರೂಲು ಹಾಳೆಯ ಜೊತೆಯಲ್ಲಿ ಪಂಚಾಂಗದ ಹಿಂದೆ ಇದೆ.